ಪ್ರಾಜೆಕ್ಟ್ ನಡುವೆ ಕೆಲಸ ಬಿಡುವಾಗ: ಹ್ಯಾಂಡೋವರ್ ಮೇಲ್ ಬರೆಯುವ ಕ್ರಮ

ಹ್ಯಾಂಡೋವರ್ ಮೇಲ್ ಬರೆಯದೆ ಹೋಗುವ ಕೋಆರ್ಡಿನೇಟರ್‌ಗಳು ಕಡಿಮೆ. ಬರೆದೂ ಯಾರ ಕೆಲಸಕ್ಕೂ ಬಾರದಂತೆ ಬರೆದು ಹೋಗುವವರೇ ಹೆಚ್ಚು. ಇಷ್ಟು ತಿಂಗಳು ಏನೇನು ಮಾಡಿದೆವು ಎಂಬ ಉದ್ದದ ವರದಿ ಇರುತ್ತದೆ, ಕೆಳಗೆ ಸಾಲಾಗಿ ಅಟ್ಯಾಚ್‌ಮೆಂಟ್‌ಗಳಿರುತ್ತವೆ. ಬರುವ ವಾರ ಯಾರು ಯಾವ ವಿಷಯ ತೀರ್ಮಾನ ಮಾಡಬೇಕು, ಮಾಡದೆ ಬಿಟ್ಟರೆ ಏನಾಗುತ್ತದೆ ಎಂಬ ಮಾತು ಮಾತ್ರ ಇರುವುದಿಲ್ಲ. ಹೊಸದಾಗಿ ಬಂದು ಕೂರುವವರಿಗೆ ಮೊದಲ ದಿನವೇ ಬೇಕಾಗುವುದು ಆ ಮಾತು.

ಹಂತಗಳು ಸ್ಪಷ್ಟವಾಗಲಿ ಎಂದು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಒಂದು ಕಂಪನಿ ತನ್ನ ಬಿಲ್ಲಿಂಗ್ ಕೆಲಸವನ್ನು ಹಳೆಯ ಸಾಫ್ಟ್‌ವೇರ್‌ನಿಂದ ಹೊಸದಕ್ಕೆ ಸಾಗಿಸುತ್ತಿದೆ. ಹೊಸದು ಶುರುವಾಗಬೇಕಾದ್ದು, ಅಂದರೆ ಗೋ-ಲೈವ್, ಜುಲೈ 1ಕ್ಕೆ. ಕೋಆರ್ಡಿನೇಟರ್‌ ಅವರ ಕೊನೆಯ ದಿನ ಜೂನ್ 13. ಒಟ್ಟು 40,000 ಗ್ರಾಹಕರ ದಾಖಲೆಗಳಲ್ಲಿ 31,000 ಸಾಗಿವೆ, 9,000 ಬಾಕಿ. ಬಾಕಿಯಲ್ಲಿ 1,200 ದಾಖಲೆಗಳು ಎರಡೆರಡು ಸಲ ನಮೂದಾಗಿವೆ.

## ಶುರು ಮಾಡುವ ಮುನ್ನ ಎದುರಿಗಿರಬೇಕಾದ್ದು

ಹೆಚ್ಚೇನೂ ಬೇಡ. ಕಳೆದ ಒಂದು ತಿಂಗಳ ಸೆಂಟ್ ಮೇಲ್, ಮುಂದಿನ ಎರಡು ತಿಂಗಳ ಕ್ಯಾಲೆಂಡರ್, ಪ್ರಾಜೆಕ್ಟ್‌ನ ರಿಸ್ಕ್ ಪಟ್ಟಿ, ಕೊನೆಯ ಕೆಲವು ಮೀಟಿಂಗ್‌ಗಳ ಟಿಪ್ಪಣಿ, ವೆಂಡರ್ ಜತೆಗಿನ ಒಪ್ಪಂದದ ಪ್ರತಿ, ಮತ್ತು ನಿಮ್ಮ ಸ್ವಂತ ನೋಟ್‌ಬುಕ್. ಹಳೆಯ ಸ್ಟೇಟಸ್ ರಿಪೋರ್ಟ್ ತೆರೆದುಕೊಂಡು ಅದನ್ನೇ ತಿದ್ದಲು ಹೋಗಬೇಡಿ. ಆ ರಿಪೋರ್ಟ್ ಪ್ರಾಜೆಕ್ಟನ್ನು ದಿನವೂ ನೋಡುತ್ತಿದ್ದವರಿಗಾಗಿ ಬರೆದದ್ದು. ಈ ಮೇಲ್ ಏನೂ ಗೊತ್ತಿಲ್ಲದವರಿಗಾಗಿ.

## ಹಂತ 1: ಕೊನೆಯ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ

ಕೊನೆಯ ದಿನ ಸಂಜೆ ಐದಕ್ಕೆ ಕಳಿಸಿದ ಮೇಲ್‌ಗೆ ಬರುವ ಪ್ರಶ್ನೆಗಳಿಗೆ ಉತ್ತರ ಕೊಡಲು ನೀವು ಇರುವುದಿಲ್ಲ, ನಿಮ್ಮ ಮೇಲ್ ಐಡಿಯೂ ಇರುವುದಿಲ್ಲ. ಹಾಗಾಗಿ ಕರಡನ್ನು ಐದು ಕೆಲಸದ ದಿನ ಮೊದಲೇ, ಅಂದರೆ ನಮ್ಮ ಉದಾಹರಣೆಯಲ್ಲಿ ಜೂನ್ 6ಕ್ಕೆ, ಉತ್ತರಾಧಿಕಾರಿಗೆ ಮತ್ತು ಮ್ಯಾನೇಜರ್‌ಗೆ ಮಾತ್ರ ಕಳಿಸಿ. ಅವರ ಜತೆ ಕೂತು ಒಮ್ಮೆ ಮಾತಾಡಿ, ತಿದ್ದಿ, ಅಂತಿಮ ಮೇಲನ್ನು ಜೂನ್ 11ಕ್ಕೆ ಎಲ್ಲರಿಗೂ ಹಾಕಿ. ಕೊನೆಯ ಎರಡು ದಿನ ಪ್ರಶ್ನೆಗಳಿಗೆ ಉಳಿಯುತ್ತದೆ.

ಉತ್ತರಾಧಿಕಾರಿಯ ಹೆಸರು ಇನ್ನೂ ಹೊರಬಂದಿಲ್ಲ ಎಂಬುದು ಸಾಮಾನ್ಯ ಪರಿಸ್ಥಿತಿ. ಅದಕ್ಕಾಗಿ ಕಾಯಬೇಡಿ. ಮ್ಯಾನೇಜರ್ ಬಳಿ ಹೋಗಿ, ‘ಹೊಸಬರು ಬರುವ ತನಕ ಇದು ನಿಮ್ಮ ಹೆಸರಲ್ಲೇ ಇರುತ್ತದೆ ಎಂದು ಬರೆಯಲೇ?’ ಎಂದು ಕೇಳಿ. ಎಷ್ಟೋ ಕಡೆ ಈ ಪ್ರಶ್ನೆ ಕೇಳಿದ ಮೇಲೆಯೇ ಉತ್ತರಾಧಿಕಾರಿ ಸಿಗುವುದು. ‘ಇನ್ನು ಮುಂದೆ ತಂಡ ನೋಡಿಕೊಳ್ಳುತ್ತದೆ’ ಎಂದು ಮಾತ್ರ ಬರೆಯಬೇಡಿ. ತಂಡ ನೋಡಿಕೊಳ್ಳುತ್ತದೆ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದೇ ಅರ್ಥ.

## ಹಂತ 2: ಎಲ್ಲೂ ಬರೆಯದೆ ಉಳಿದದ್ದನ್ನು ಹುಡುಕಿ ತೆಗೆಯಿರಿ

ಫೈಲ್‌ಗಳಲ್ಲಿ ಇರುವುದನ್ನು ಹೊಸಬರು ಒಂದಲ್ಲ ಒಂದು ದಿನ ಹುಡುಕಿಕೊಳ್ಳುತ್ತಾರೆ. ನಿಮ್ಮ ತಲೆಯಲ್ಲಿ ಮಾತ್ರ ಇರುವುದು ನಿಮ್ಮ ಜತೆಗೇ ಹೊರಟುಹೋಗುತ್ತದೆ. ಅದನ್ನು ಹೊರತೆಗೆಯಲು ಮೂರು ಜಾಗ ನೋಡಿ.

ಮೊದಲನೆಯದು ಸೆಂಟ್ ಮೇಲ್ ಮತ್ತು ಚಾಟ್. ‘ನೋಡಿ ಹೇಳುತ್ತೇನೆ’, ‘ಮಾಡಿಸಿಕೊಡುತ್ತೇನೆ’, ‘ಮುಂದಿನ ವಾರ ನೋಡೋಣ’ ಎಂಬ ಧಾಟಿಯ ಸಾಲುಗಳನ್ನು ಹುಡುಕಿ. ಒಂದೊಂದೂ ನೀವು ಕೊಟ್ಟ ಮಾತು. ಕೆಲವನ್ನು ಹೋಗುವ ಮೊದಲೇ ಮುಗಿಸಬಹುದು, ಕೆಲವನ್ನು ‘ಆಗುವುದಿಲ್ಲ’ ಎಂದು ಈಗಲೇ ತಿಳಿಸಬಹುದು. ಉಳಿದದ್ದು ಮಾತ್ರ ಮೇಲ್‌ಗೆ ಬರಲಿ.

ಎರಡನೆಯದು ಕ್ಯಾಲೆಂಡರ್. ನಿಮ್ಮ ಹೆಸರಲ್ಲಿ ಕರೆದಿರುವ ವಾರದ ಮೀಟಿಂಗ್‌ಗಳು, ನಿಮಗೆ ಮಾತ್ರ ಬರುವ ರಿಮೈಂಡರ್‌ಗಳು, ನಿಮ್ಮ ಒಪ್ಪಿಗೆಗೆಂದು ಬಂದು ನಿಲ್ಲುವ ಬಿಲ್‌ಗಳು ಇಲ್ಲಿ ಸಿಗುತ್ತವೆ. ಖಾತೆ ಮುಚ್ಚಿದ ಮೇಲೆ ಆ ಮೀಟಿಂಗ್‌ಗಳನ್ನು ಬದಲಿಸಲು ಬೇರೆಯವರಿಗೆ ಆಗದೇ ಹೋಗಬಹುದು. ಬಿಲ್‌ಗಳು ಯಾರ ಕಣ್ಣಿಗೂ ಬೀಳದೆ ಕೂತಿರಬಹುದು. ಪಟ್ಟಿ ಮಾಡಿ ಒಂದೊಂದನ್ನೂ ಹೊಸಬರ ಹೆಸರಿಗೆ ವರ್ಗಾಯಿಸಿ. ನಿಮ್ಮ ಸ್ವಂತ ಡ್ರೈವ್‌ನಲ್ಲಿರುವ ಫೈಲ್‌ಗಳಿಗೂ ಇದೇ ಗತಿ. ಬರೀ ಲಿಂಕ್ ಕೊಟ್ಟರೆ ಸಾಲದು, ಪ್ರಾಜೆಕ್ಟ್ ಫೋಲ್ಡರ್‌ಗೆ ಸರಿಸಬೇಕು.

ಮೂರನೆಯದು ಫೋನ್‌ನಲ್ಲಿ ಆದ ಮಾತುಗಳು. ಉದಾಹರಣೆಗೆ, ದಾಖಲೆ ಸಾಗಿಸುವ ಪ್ರೋಗ್ರಾಂ ಬರೆದವರು ವೆಂಡರ್ ಕಡೆ ಒಬ್ಬರೇ. ಅವರು ಜೂನ್ 23ರಿಂದ 27ರವರೆಗೆ ರಜೆ. ಮಾತಿನ ಮಧ್ಯೆ ಅವರೇ ಹೇಳಿದ್ದು. ಯಾವ ಪ್ಲಾನ್‌ನಲ್ಲೂ ಇದು ಇಲ್ಲ. ಗೋ-ಲೈವ್‌ಗೆ ಮೊದಲಿನ ವಾರ ಆ ವ್ಯಕ್ತಿ ಇರುವುದಿಲ್ಲ ಎಂಬುದು ಇಡೀ ಮೇಲ್‌ನ ಅತಿ ಬೆಲೆಬಾಳುವ ಸಾಲುಗಳಲ್ಲೊಂದು.

## ಹಂತ 3: ಬಾಕಿ ನಿರ್ಧಾರಗಳನ್ನು ಮೊದಲು ಬರೆಯಿರಿ

ಎಲ್ಲರೂ ಸ್ಟೇಟಸ್‌ನಿಂದ ಶುರು ಮಾಡುತ್ತಾರೆ, ಅಲ್ಲೇ ಸುಸ್ತಾಗುತ್ತಾರೆ. ಕೊನೆಗೆ ಬಂದಾಗ ‘ಲೈಸೆನ್ಸ್ ವಿಚಾರ ಚರ್ಚೆಯಲ್ಲಿದೆ’ ಎಂದು ಒಂದು ಸಾಲು ಗೀಚಿ ಮುಗಿಸುತ್ತಾರೆ. ತಲೆ ಚುರುಕಾಗಿರುವಾಗಲೇ ನಿರ್ಧಾರಗಳನ್ನು ಬರೆದುಬಿಡಿ.

ಒಂದೊಂದು ನಿರ್ಧಾರಕ್ಕೂ ಐದು ವಿಷಯ ಬೇಕು: ಪ್ರಶ್ನೆ ಏನು, ಯಾರು ತೀರ್ಮಾನಿಸಬೇಕು, ಯಾವಾಗಿನೊಳಗೆ ಮತ್ತು ಆ ದಿನವೇ ಏಕೆ, ನಿಮ್ಮ ಸಲಹೆ ಏನು, ಯಾರೂ ಏನೂ ಹೇಳದಿದ್ದರೆ ಏನಾಗುತ್ತದೆ. ಕೊನೆಯದನ್ನೇ ಎಲ್ಲರೂ ಬಿಡುವುದು. ತೀರ್ಮಾನ ತೆಗೆದುಕೊಳ್ಳದಿದ್ದರೂ ಒಂದು ತೀರ್ಮಾನ ಆಗಿಯೇ ಆಗುತ್ತದೆ. ದಿನಾಂಕ ದಾಟಿದ ಕ್ಷಣ ಅದು ತಾನಾಗಿ ಜಾರಿಗೆ ಬರುತ್ತದೆ.

ನಮ್ಮ ಉದಾಹರಣೆಯಲ್ಲಿ ಹಳೆಯ ಸಾಫ್ಟ್‌ವೇರ್‌ನ ಲೈಸೆನ್ಸ್ ಜೂನ್ 30ಕ್ಕೆ ಮುಗಿಯುತ್ತದೆ. ಒಂದು ತಿಂಗಳು ಮುಂದುವರಿಸಬೇಕಿದ್ದರೆ 10 ದಿನ ಮೊದಲೇ ತಿಳಿಸಬೇಕು ಎಂದು ಒಪ್ಪಂದದಲ್ಲಿದೆ. ಅಂದರೆ ನಿಜವಾದ ಗಡುವು ಜೂನ್ 30 ಅಲ್ಲ, 20. ತೀರ್ಮಾನ ಹಣಕಾಸು ಮುಖ್ಯಸ್ಥರದ್ದು. ಮೇಲ್‌ನಲ್ಲಿ ‘ಲೈಸೆನ್ಸ್ ಜೂನ್ 30ರವರೆಗೆ ಇದೆ’ ಎಂದು ಬರೆದರೆ ಸುಳ್ಳಲ್ಲ, ಆದರೆ ಓದಿದವರು ಹತ್ತು ದಿನ ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ಯಾವುದೇ ಗಡುವು ಬರೆಯುವಾಗ ‘ಇದಕ್ಕಿಂತ ಮೊದಲು ಬಾಗಿಲು ಮುಚ್ಚುವ ಇನ್ನೊಂದು ದಿನ ಇದೆಯೇ?’ ಎಂದು ಕೇಳಿಕೊಳ್ಳಿ. ನೋಟಿಸ್ ಅವಧಿ, ಆರ್ಡರ್ ಕೊಟ್ಟ ಮೇಲೆ ಬರಲು ಹಿಡಿಯುವ ಸಮಯ, ಸಹಿ ಹಾಕಬೇಕಾದವರ ಪ್ರವಾಸ ಇವೆಲ್ಲ ಗಡುವನ್ನು ಹಿಂದಕ್ಕೆ ಎಳೆಯುತ್ತವೆ.

ಇನ್ನೊಂದು ನಿರ್ಧಾರ ಆ 1,200 ದಾಖಲೆಗಳದ್ದು. ಎರಡೆರಡು ಇರುವುದನ್ನು ಒಂದಾಗಿಸಿ ಸಾಗಿಸುವುದೇ, ಅಥವಾ ಈಗ ಬಿಟ್ಟು ಜುಲೈನಲ್ಲಿ ನೋಡುವುದೇ? ಯಾವ ಗ್ರಾಹಕರ ಯಾವ ನಮೂದು ಸರಿ ಎಂದು ಹೇಳಬಲ್ಲವರು ಮಾರಾಟ ವಿಭಾಗದವರು, ಆದ್ದರಿಂದ ತೀರ್ಮಾನ ಆ ವಿಭಾಗದ ಮುಖ್ಯಸ್ಥರದ್ದು. ದಾಖಲೆ ಸಾಗಿಸುವ ಎರಡನೇ ಟ್ರಯಲ್ ಜೂನ್ 17 ಮತ್ತು 18ಕ್ಕೆ ಇರುವುದರಿಂದ 16ರೊಳಗೆ ಉತ್ತರ ಬೇಕು. ಉತ್ತರ ಬರದಿದ್ದರೆ ಆ 1,200 ದಾಖಲೆಗಳು ಹಳೆಯ ಸಾಫ್ಟ್‌ವೇರ್‌ನಲ್ಲೇ ಉಳಿಯುತ್ತವೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ದಾಖಲೆಗಳು ಹಳೆಯದರಲ್ಲಿ ಉಳಿದು, ಲೈಸೆನ್ಸೂ ಮುಂದುವರಿಯದಿದ್ದರೆ, ಜುಲೈನಲ್ಲಿ ಆ ಗ್ರಾಹಕರಿಗೆ ಬಿಲ್ ಮಾಡಲು ಹೊಸದರಲ್ಲೂ ಆಗುವುದಿಲ್ಲ, ಹಳೆಯದರಲ್ಲೂ ಆಗುವುದಿಲ್ಲ. ಮಾರಾಟ ಮುಖ್ಯಸ್ಥರಿಗೆ ಲೈಸೆನ್ಸ್ ಗೊತ್ತಿಲ್ಲ, ಹಣಕಾಸು ಮುಖ್ಯಸ್ಥರಿಗೆ ಈ ದಾಖಲೆಗಳು ಗೊತ್ತಿಲ್ಲ. ಎರಡೂ ಗೊತ್ತಿದ್ದವರು ಕೋಆರ್ಡಿನೇಟರ್ ಒಬ್ಬರೇ, ಅವರೇ ಹೊರಟಿದ್ದಾರೆ. ಒಂದು ನಿರ್ಧಾರ ಇನ್ನೊಂದನ್ನು ಹಿಡಿದೆಳೆಯುವ ಇಂಥ ಕೊಂಡಿಗಳನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ. ಟೇಬಲ್‌ನ ಎರಡು ಬೇರೆ ಸಾಲುಗಳಲ್ಲಿ ಇಟ್ಟರೆ ಯಾರಿಗೂ ಕಾಣುವುದಿಲ್ಲ.

ಎಚ್ಚರಿಕೆಯ ಗುರುತು: ನಿಮ್ಮ ಕರಡಿನಲ್ಲಿ ‘ಚರ್ಚೆಯಲ್ಲಿದೆ’, ‘ಫಾಲೋಅಪ್ ಮಾಡಬೇಕು’, ‘ಗಮನಿಸಬೇಕು’ ಎಂದು ಮುಗಿಯುವ ವಾಕ್ಯಗಳಿದ್ದರೆ ಅಲ್ಲಿ ಕರ್ತೃ ಇಲ್ಲ, ದಿನಾಂಕ ಇಲ್ಲ. ಒಂದೊಂದನ್ನೂ ಒಡೆದು ಮತ್ತೆ ಬರೆಯಿರಿ.

## ಹಂತ 4: ರಿಸ್ಕ್‌ಗಳು, ಅವು ಕಣ್ಣಿಗೆ ಬೀಳುವ ಗುರುತಿನ ಸಮೇತ

ಮೊದಲು ಒಂದು ವಿಂಗಡಣೆ. ಆಗಬಹುದಾದದ್ದು ರಿಸ್ಕ್, ಆಗಲೇ ಆಗಿರುವುದು ಸಮಸ್ಯೆ. ಎರಡು ಸಲ ನಮೂದಾದ ದಾಖಲೆಗಳು ರಿಸ್ಕ್ ಅಲ್ಲ, ಕಣ್ಣೆದುರಿಗಿರುವ ಸಮಸ್ಯೆ. ಅದನ್ನು ರಿಸ್ಕ್ ಪಟ್ಟಿಯಲ್ಲಿ ಹಾಕಿದರೆ ಓದುವವರು ‘ಆದಾಗ ನೋಡೋಣ’ ಎಂದುಕೊಳ್ಳುತ್ತಾರೆ.

ಪ್ರಾಜೆಕ್ಟ್‌ನ ಪಟ್ಟಿಯಲ್ಲಿ ಇಪ್ಪತ್ತು ರಿಸ್ಕ್‌ಗಳಿರಬಹುದು. ಎಲ್ಲವನ್ನೂ ಮೇಲ್‌ಗೆ ತರಬೇಡಿ, ಪಟ್ಟಿಯ ಲಿಂಕ್ ಸಾಕು. ಮುಂದಿನ ನಾಲ್ಕು ವಾರದೊಳಗೆ ಮೇಲೆ ಬೀಳಬಹುದಾದ ಮೂರೋ ನಾಲ್ಕೋ ಮಾತ್ರ ಆರಿಸಿ, ‘ಇದರಿಂದ, ಹೀಗಾಗಬಹುದು, ಹಾಗಾದರೆ ಇಷ್ಟು ನಷ್ಟ’ ಎಂಬ ಜಾಡಿನಲ್ಲಿ ಬರೆಯಿರಿ. ‘ವೆಂಡರ್ ರಿಸ್ಕ್: ಹೆಚ್ಚು’ ಎಂದು ಬರೆದರೆ ಹೊಸಬರು ಮಾಡುವುದೇನು? ಹೀಗೆ ಬರೆದು ನೋಡಿ: ‘ಪ್ರೋಗ್ರಾಂ ಬರೆದವರು ಒಬ್ಬರೇ, ಅವರು ಜೂನ್ 23ರಿಂದ 27ರವರೆಗೆ ರಜೆ. ಎರಡನೇ ಟ್ರಯಲ್‌ನಲ್ಲಿ ತಪ್ಪು ಸಿಕ್ಕರೆ ತಿದ್ದುವವರಿರುವುದಿಲ್ಲ. ಜುಲೈ 1 ತಪ್ಪಬಹುದು.’

ಇದಕ್ಕೆ ಇನ್ನೆರಡು ಮಾತು ಸೇರಬೇಕು. ಒಂದು, ರಿಸ್ಕ್ ನಿಜವಾಗುತ್ತಿದೆ ಎಂದು ತಿಳಿಯುವ ಗುರುತು: ‘ಜೂನ್ 18ರ ಸಂಜೆಯೊಳಗೆ ಟ್ರಯಲ್ ಫಲಿತಾಂಶ ಬರದಿದ್ದರೆ, ಅಥವಾ ಮೊತ್ತ ತಾಳೆಯಾಗದಿದ್ದರೆ.’ ಇನ್ನೊಂದು, ಆಗ ಮಾಡಬೇಕಾದ ಮೊದಲ ಕೆಲಸ: ‘19ರ ಬೆಳಿಗ್ಗೆ ವೆಂಡರ್‌ನ ಪ್ರಾಜೆಕ್ಟ್ ಮುಖ್ಯಸ್ಥರಿಗೆ ಫೋನ್ ಮಾಡಿ ಬದಲಿ ವ್ಯಕ್ತಿ ಕೇಳುವುದು, ರಜೆ ಶುರುವಾಗುವ ಮೊದಲು 19, 20 ಎರಡೇ ಕೆಲಸದ ದಿನ ಸಿಗುತ್ತವೆ.’ ಗುರುತು ಬರೆಯದ ರಿಸ್ಕನ್ನು ಯಾರೂ ಕಾಯುವುದಿಲ್ಲ, ಏಕೆಂದರೆ ಏನನ್ನು ಕಾಯಬೇಕು ಎಂದೇ ಗೊತ್ತಿರುವುದಿಲ್ಲ.

ಇಲ್ಲೊಂದು ಮುಜುಗರದ ಸಂಗತಿ ಇದೆ. ಸಿಸಿಯಲ್ಲಿ ದೊಡ್ಡವರು ಇದ್ದಾರೆ ಎಂದು ರಿಸ್ಕ್‌ಗಳನ್ನು ಮೆತ್ತಗೆ ಮಾಡುವ ಚಾಳಿ. ಹೋಗುವಾಗ ಕೆಟ್ಟ ಸುದ್ದಿ ಏಕೆ ಎಂದು ಅಪಾಯದ ಕೆಂಪು ಗುರುತನ್ನು ಎಚ್ಚರಿಕೆಯ ಹಳದಿ ಮಾಡಿ ಹೋಗುತ್ತಾರೆ. ಎರಡು ವಾರದ ಬಳಿಕ ಅದು ಹೊಸಬರ ಕೈಯಲ್ಲಿ ಕೆಂಪಾದಾಗ ಕೆಡಿಸಿದ್ದು ಅವರೇ ಎಂದಾಗುತ್ತದೆ. ಕೆಂಪಾಗಿದ್ದರೆ ನಿಮ್ಮ ಹೆಸರಲ್ಲೇ ಕೆಂಪು ಎಂದು ಬರೆದು ಹೋಗುವುದು ಹೊಸಬರಿಗೆ ಮಾಡುವ ಉಪಕಾರ.

## ಹಂತ 5: ಸ್ಟೇಟಸ್ ಚಿಕ್ಕದಾಗಿರಲಿ

ಯಾವ ದಿನಕ್ಕೆ ಇದ್ದಂತೆ ಎಂದು ಮೊದಲು ಬರೆಯಿರಿ: ‘ಜೂನ್ 11ಕ್ಕೆ ಇದ್ದಂತೆ.’ ಮೇಲ್ ಮೂರು ವಾರದ ನಂತರವೂ ಓದಿಸಿಕೊಳ್ಳುತ್ತದೆ.

ಶೇಕಡಾ ಲೆಕ್ಕ ನಂಬಬೇಡಿ. ‘ಶೇ. 78 ಮುಗಿದಿದೆ’ ಎಂದರೆ ಉಳಿದದ್ದು ಸುಲಭದ್ದೋ ಕಷ್ಟದ್ದೋ ತಿಳಿಯುವುದಿಲ್ಲ. ನಮ್ಮ ಉದಾಹರಣೆಯಲ್ಲಿ 31,000 ದಾಖಲೆ ಸಾಗಿ, ಲೆಕ್ಕಪತ್ರ ವಿಭಾಗ ತಾಳೆ ನೋಡಿ ಒಪ್ಪಿದೆ. 7,800 ಎರಡನೇ ಟ್ರಯಲ್‌ನಲ್ಲಿ ಸಾಗಲಿವೆ. 1,200 ನಿರ್ಧಾರಕ್ಕಾಗಿ ನಿಂತಿವೆ. ಮೂರು ತುಣುಕು, ಮೂರು ಬೇರೆ ಬೇರೆ ಸ್ಥಿತಿ. ‘ಮುಗಿದಿದೆ’ ಎಂದು ಬರೆಯುವಲ್ಲೆಲ್ಲ ಮುಗಿದಿದೆ ಎಂದು ಒಪ್ಪಿದವರು ಯಾರು ಎಂಬುದೂ ಇರಲಿ. ವೆಂಡರ್ ಮುಗಿಯಿತು ಎಂದದ್ದು ಬೇರೆ, ಲೆಕ್ಕಪತ್ರದವರು ಸರಿ ಎಂದದ್ದು ಬೇರೆ.

## ಹಂತ 6: ಮೇಲ್ ಜೋಡಿಸುವುದು

ಸಬ್ಜೆಕ್ಟ್‌ನಲ್ಲಿ ಪ್ರಾಜೆಕ್ಟ್ ಹೆಸರು, ‘ಹ್ಯಾಂಡೋವರ್’ ಎಂಬ ಪದ, ಜಾರಿಯಾಗುವ ದಿನಾಂಕ ಇರಲಿ. ತಿಂಗಳ ನಂತರ ಹುಡುಕುವವರಿಗೆ ಸಿಗಬೇಕು. ಟು ಜಾಗದಲ್ಲಿ ಉತ್ತರಾಧಿಕಾರಿ ಮತ್ತು ನಿರ್ಧಾರ ಮಾಡಬೇಕಾದವರು ಮಾತ್ರ. ಉಳಿದವರು ಸಿಸಿ. ಹಣಕಾಸು ಮುಖ್ಯಸ್ಥರನ್ನು ಸಿಸಿಯಲ್ಲಿಟ್ಟು ಅವರಿಂದ ತೀರ್ಮಾನ ನಿರೀಕ್ಷಿಸುವುದು ವ್ಯರ್ಥ.

ಬರೆದದ್ದು ನಿರ್ಧಾರ, ರಿಸ್ಕ್, ಸ್ಟೇಟಸ್ ಎಂಬ ಕ್ರಮದಲ್ಲಿ. ಮೇಲ್‌ನಲ್ಲೂ ಅದೇ ಕ್ರಮ ಇರಲಿ. ಎಲ್ಲಕ್ಕಿಂತ ಮೇಲೆ, ಫೋನ್ ಪರದೆಯಲ್ಲಿ ಸ್ಕ್ರಾಲ್ ಮಾಡದೆ ಕಾಣುವಷ್ಟು ಜಾಗದಲ್ಲಿ, ಸಾರಾಂಶ. ನಮ್ಮ ಉದಾಹರಣೆಯ ಮೇಲ್‌ನ ಆರಂಭ ಹೀಗಿರಬಹುದು:

> ಸಬ್ಜೆಕ್ಟ್: ಬಿಲ್ಲಿಂಗ್ ಬದಲಾವಣೆ – ಹ್ಯಾಂಡೋವರ್ – ಜೂನ್ 16ರಿಂದ ಜಾರಿ
>
> ನಮಸ್ಕಾರ,
>
> ಜೂನ್ 13 ನನ್ನ ಕೊನೆಯ ದಿನ. 16ರಿಂದ ಈ ಪ್ರಾಜೆಕ್ಟ್ ಕೋಆರ್ಡಿನೇಶನ್ ಅನ್ನು (ಉತ್ತರಾಧಿಕಾರಿಯ ಹೆಸರು) ನೋಡಿಕೊಳ್ಳುತ್ತಾರೆ. ಗೋ-ಲೈವ್ ದಿನ ಜುಲೈ 1, ಬದಲಾಗಿಲ್ಲ. ಸದ್ಯದ ಸ್ಥಿತಿ: ಹಳದಿ. ಕೆಳಗಿನ ಎರಡು ನಿರ್ಧಾರ ತಪ್ಪಿದರೆ ಕೆಂಪು.
>
> ನಿರ್ಧಾರ 1 – ಜೂನ್ 16ರೊಳಗೆ – ಮಾರಾಟ ಮುಖ್ಯಸ್ಥರು. ಎರಡೆರಡು ಸಲ ಇರುವ 1,200 ದಾಖಲೆಗಳನ್ನು ಒಂದಾಗಿಸಿ ಸಾಗಿಸುವುದೇ? ನನ್ನ ಸಲಹೆ: ಹೌದು. 17ಕ್ಕೆ ಎರಡನೇ ಟ್ರಯಲ್ ಇರುವುದರಿಂದ ಈ ಗಡುವು. ಉತ್ತರ ಬರದಿದ್ದರೆ ಇವು ಹಳೆಯ ಸಾಫ್ಟ್‌ವೇರ್‌ನಲ್ಲೇ ಉಳಿಯುತ್ತವೆ.
>
> ನಿರ್ಧಾರ 2 – ಜೂನ್ 20ರೊಳಗೆ – ಹಣಕಾಸು ಮುಖ್ಯಸ್ಥರು. ಹಳೆಯ ಲೈಸೆನ್ಸನ್ನು ಒಂದು ತಿಂಗಳು ಮುಂದುವರಿಸುವುದೇ? ನನ್ನ ಸಲಹೆ: ಹೌದು. ಒಪ್ಪಂದದ ಪ್ರಕಾರ 10 ದಿನ ಮೊದಲೇ ತಿಳಿಸಬೇಕು. ಉತ್ತರ ಬರದಿದ್ದರೆ ಜೂನ್ 30ಕ್ಕೆ ನಿಲ್ಲುತ್ತದೆ. ಜುಲೈ 1ಕ್ಕೆ ತೊಂದರೆಯಾದರೆ ಹಿಂದಕ್ಕೆ ಹೋಗಲು ದಾರಿ ಇರುವುದಿಲ್ಲ.
>
> ಗಮನಿಸಿ: 1ಕ್ಕೂ 2ಕ್ಕೂ ‘ಇಲ್ಲ’ ಎಂದಾದರೆ ಜುಲೈನಲ್ಲಿ ಆ ಗ್ರಾಹಕರಿಗೆ ಬಿಲ್ ಮಾಡಲು ಯಾವ ಸಾಫ್ಟ್‌ವೇರೂ ಇರುವುದಿಲ್ಲ.

ಇದರ ಕೆಳಗೆ ರಿಸ್ಕ್, ಸ್ಟೇಟಸ್, ಫೈಲ್‌ಗಳಿರುವ ಜಾಗ, ಯಾವುದಕ್ಕೆ ಯಾರನ್ನು ಕೇಳಬೇಕು ಎಂಬ ಪಟ್ಟಿ. ಅಟ್ಯಾಚ್‌ಮೆಂಟ್ ಹಾಕಬೇಡಿ, ಹಾಕಿದ ದಿನದಿಂದಲೇ ಅವು ಹಳತಾಗುತ್ತವೆ. ಲಿಂಕ್ ಕೊಡಿ, ಆ ಲಿಂಕ್ ಹೊಸಬರ ಲಾಗಿನ್‌ನಲ್ಲಿ ತೆರೆಯುತ್ತದೆಯೇ ಎಂದು ಅವರ ಕೈಯಲ್ಲೇ ಒತ್ತಿಸಿ ನೋಡಿ. ನಿಮ್ಮ ಕಂಪ್ಯೂಟರ್‌ನಲ್ಲಿ ಎಲ್ಲವೂ ತೆರೆಯುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ.

## ಹಂತ 7: ಮೇಲ್‌ನಿಂದ ಹೊರಗಿಡಬೇಕಾದ್ದು

ಪಾಸ್‌ವರ್ಡ್ ಯಾವ ಕಾರಣಕ್ಕೂ ಬೇಡ. ಹೊಸಬರ ಹೆಸರಿಗೇ ಪ್ರವೇಶ ಕೊಡಿಸಿ, ಕೊಟ್ಟಿದ್ದಾರೆ ಎಂದಷ್ಟೇ ಬರೆಯಿರಿ.

ವ್ಯಕ್ತಿಗಳ ಬಗ್ಗೆ ಅಭಿಪ್ರಾಯವೂ ಬೇಡ. ‘ವೆಂಡರ್ ಕಡೆಯವರು ಮೇಲ್‌ಗೆ ಉತ್ತರಿಸುವುದಿಲ್ಲ, ಫೋನ್ ಮಾಡಿದರೆ ಅಂದೇ ಕೆಲಸ ಆಗುತ್ತದೆ’ ಎಂಬುದು ಉಪಯೋಗದ ಮಾತು. ಎದುರು ಕೂತು ಹೇಳಿ. ಬರೆದ ಮೇಲ್ ಯಾರಿಗೆ ಬೇಕಾದರೂ ಫಾರ್ವರ್ಡ್ ಆಗಬಹುದು. ಇದೇ ಕಾರಣಕ್ಕೆ ಗ್ರಾಹಕರಿಗೂ ವೆಂಡರ್‌ಗೂ ಕಳಿಸುವ ಮೇಲ್ ಪ್ರತ್ಯೇಕವಾಗಿರಲಿ: ಯಾರು ಹೋಗುತ್ತಿದ್ದಾರೆ, ಯಾರು ಬರುತ್ತಿದ್ದಾರೆ, ಯಾವಾಗಿನಿಂದ, ಇಷ್ಟು ಸಾಕು.

ಬೀಳ್ಕೊಡುಗೆಯ ಮಾತು, ಧನ್ಯವಾದಗಳು ಇನ್ನೊಂದು ಮೇಲ್‌ನಲ್ಲಿ. ಎರಡನ್ನೂ ಸೇರಿಸಿದರೆ ಬರುವ ಉತ್ತರವೆಲ್ಲ ‘ಆಲ್ ದಿ ಬೆಸ್ಟ್’ ಆಗಿ, ಲೈಸೆನ್ಸ್ ಪ್ರಶ್ನೆ ಅದರಡಿ ಹೂತುಹೋಗುತ್ತದೆ.

## ಹಂತ 8: ಕಳಿಸಿದ ಮೇಲೆ, ಹೊರಡುವ ಮುನ್ನ

‘ಥ್ಯಾಂಕ್ಸ್, ನೋಟೆಡ್’ ಎಂಬ ಉತ್ತರ ಬಂದರೆ ಓದಿಲ್ಲ ಎಂದೇ ತಿಳಿಯಿರಿ. ಉತ್ತರಾಧಿಕಾರಿಯನ್ನು ಕರೆದು, ಮೇಲ್ ಮುಚ್ಚಿಸಿ, ‘16ನೇ ತಾರೀಕು ಬೆಳಿಗ್ಗೆ ಮೊದಲು ಯಾರಿಗೆ ಫೋನ್ ಮಾಡುತ್ತೀರಿ?’ ಎಂದು ಕೇಳಿ. ಮಾರಾಟ ಮುಖ್ಯಸ್ಥರಿಗೆ ಎಂಬ ಉತ್ತರ ಥಟ್ಟನೆ ಬಂದರೆ ಮೇಲ್ ಕೆಲಸ ಮಾಡಿದೆ. ‘ಆ ಫೈಲ್ ಎಲ್ಲಿದೆ?’ ಎಂಬಂಥ ಪ್ರಶ್ನೆಗಳು ಬಂದರೆ ಚಿಂತೆಯಿಲ್ಲ. ‘ಇದನ್ನು ಯಾರು ತೀರ್ಮಾನಿಸುವುದು?’ ಎಂದು ಕೇಳಿದರೆ ಹಂತ 3ಕ್ಕೆ ಹಿಂದಿರುಗಿ.

ನಿರ್ಧಾರ ಮಾಡಬೇಕಾದ ಇಬ್ಬರಿಗೂ ನೀವೇ ಒಂದೊಂದು ಫೋನ್ ಮಾಡಿ, ಗಡುವು ಗೊತ್ತಾಗಿದೆ ಎಂದು ಅವರ ಬಾಯಿಂದ ಕೇಳಿಸಿಕೊಳ್ಳಿ. ಆ ಎರಡು ದಿನಾಂಕಗಳನ್ನು ಹೊಸಬರ ಕ್ಯಾಲೆಂಡರ್‌ಗೆ ಅವರ ಎದುರೇ ಹಾಕಿಸಿ. ಈ ನಡುವೆ ಏನಾದರೂ ತೀರ್ಮಾನವಾದರೆ ಹೊಸ ಮೇಲ್ ಶುರು ಮಾಡಬೇಡಿ. ಅದೇ ಮೇಲ್‌ಗೆ ರಿಪ್ಲೈ ಆಲ್ ಮಾಡಿ, ಏನು ಬದಲಾಯಿತು ಎಂದು ಮೊದಲ ಸಾಲಿನಲ್ಲೇ ಬರೆಯಿರಿ.

ಕೊನೆಯ ದಿನ ಆಟೋ ರಿಪ್ಲೈಯಲ್ಲಿ ಹೊಸಬರ ಹೆಸರು, ಮೇಲ್ ಐಡಿ ಹಾಕಿ. ಖಾತೆ ಮುಚ್ಚಿದ ಮೇಲೆ ಅದೂ ನಿಲ್ಲಬಹುದು, ಆದ್ದರಿಂದ ನಿಮ್ಮ ಐಡಿಗೆ ಬರುವ ಮೇಲ್‌ಗಳನ್ನು ಕೆಲವು ವಾರ ಹೊಸಬರಿಗೆ ತಿರುಗಿಸುವಂತೆ ಐಟಿ ವಿಭಾಗವನ್ನು ಕೇಳಿ. ಲೈಸೆನ್ಸ್ ಕಂಪನಿಯ ನೆನಪೋಲೆ ಬರುವುದು ಇನ್ನೂ ನಿಮ್ಮ ಐಡಿಗೇ.